ಮೇಲ್‌ನಲ್ಲಿ ‘ಹಾಗಾಗಿ’ ಮೂರು ಸಲ ಬಂದಿದೆ, ತೆಗೆದರೆ ವಾಕ್ಯಗಳು ಬಿಡಿಬಿಡಿಯಾಗುತ್ತವೆ

ಪ್ರಶ್ನೆ (ಗ್ರಾಹಕ ಸೇವೆಯಲ್ಲಿರುವವರು): ಗ್ರಾಹಕರೊಬ್ಬರಿಗೆ ಕಳಿಸಬೇಕಾದ ಮೇಲ್ ಇದು. ಒಂದೇ ಪದ ಮತ್ತೆ ಮತ್ತೆ ಬರುತ್ತಿದೆ, ಓದಲು ಚೆನ್ನಾಗಿಲ್ಲ ಅಂತ ನಮ್ಮ ಮ್ಯಾನೇಜರ್ ವಾಪಸ್ ಕಳಿಸಿದ್ದಾರೆ. ಯಾವ ಪದದ ಬದಲು ಯಾವುದು ಹಾಕಲಿ?

“ನಿಮ್ಮ ಆರ್ಡರ್ ಬಗ್ಗೆ ಮಾಹಿತಿ ನೀಡಲು ಈ ಮೇಲ್ ಬರೆಯುತ್ತಿದ್ದೇವೆ. ನಿಮ್ಮ ಆರ್ಡರ್‌ನ 40 ಕುರ್ಚಿಗಳಲ್ಲಿ 28 ಕುರ್ಚಿಗಳು ಸಿದ್ಧವಾಗಿವೆ ಮತ್ತು 12 ಕುರ್ಚಿಗಳು ಸಿದ್ಧವಾಗಿಲ್ಲ. ಹಾಗಾಗಿ ಬಟ್ಟೆ ಬರುವುದು ತಡವಾಗಿದೆ. ಮತ್ತು 12 ಕುರ್ಚಿಗಳನ್ನು 18ನೇ ತಾರೀಖು ಕಳುಹಿಸಲಾಗುವುದು. ಹಾಗೂ 28 ಕುರ್ಚಿಗಳನ್ನು ನಾಳೆ ಕಳುಹಿಸಲಾಗುವುದು. ಹಾಗಾಗಿ ಇದರ ಬಗ್ಗೆ ನಿಮ್ಮ ಒಪ್ಪಿಗೆ ಬೇಕಾಗಿದೆ. ಹಾಗಾಗಿ ದಯವಿಟ್ಟು ತಿಳಿಸಿ.”

ಮಾರಾಟ ವಿಭಾಗದವರು: ಸುಲಭ. ‘ಕುರ್ಚಿ’ ಒಂದು ಸಲ ಇರಲಿ, ಆಮೇಲೆ ‘ಆಸನ’, ಇನ್ನೊಂದು ಕಡೆ ‘ಪೀಠೋಪಕರಣ’ ಹಾಕಿ. ‘ಹಾಗಾಗಿ’ ಜಾಗದಲ್ಲಿ ಒಂದು ಕಡೆ ‘ಆದ್ದರಿಂದ’, ಇನ್ನೊಂದು ಕಡೆ ‘ಆ ಕಾರಣದಿಂದ’. ನಾನು ಯಾವಾಗಲೂ ಹೀಗೇ ಮಾಡುವುದು.

ಲೆಕ್ಕಪತ್ರ ವಿಭಾಗದವರು: ಸರ್, ನಾನು ಹಾಗೆ ಮಾಡಿ ಪೇಚಿಗೆ ಸಿಕ್ಕಿಕೊಂಡಿದ್ದೇನೆ. ಬಾಕಿ ಹಣ ಕೇಳುವ ಮೇಲ್‌ನಲ್ಲಿ ‘ಇನ್‌ವಾಯ್ಸ್’ ನಾಲ್ಕು ಸಲ ಬಂದಿತ್ತು. ಚೆನ್ನಾಗಿರಲಿ ಅಂತ ಒಂದು ಕಡೆ ‘ಬಿಲ್’, ಕೊನೆಯಲ್ಲಿ ‘ರಸೀದಿ’ ಅಂತ ಬರೆದೆ. “ನಾವಿನ್ನೂ ಹಣವನ್ನೇ ಕೊಟ್ಟಿಲ್ಲ, ರಸೀದಿ ಹೇಗೆ ಬಂತು?” ಅಂತ ಅವರಿಂದ ಉತ್ತರ ಬಂತು. ಅದನ್ನು ಸರಿಪಡಿಸಲು ಮತ್ತೆ ಎರಡು ಮೇಲ್ ಬರೆಯಬೇಕಾಯಿತು.

ಭಾಷಾ ಸಂಪಾದಕಿ: ಲೆಕ್ಕಪತ್ರದವರು ಹೇಳಿದ್ದು ಇಲ್ಲಿಗೂ ಸರಿಯಾಗಿ ಹೊಂದುತ್ತದೆ. ವಸ್ತುವಿನ ಹೆಸರು ಬದಲಾದರೆ, ಇದು ಬೇರೆ ವಸ್ತು ಇರಬೇಕು ಎಂದು ಓದುವವರು ಅಂದುಕೊಳ್ಳುತ್ತಾರೆ. ‘12 ಆಸನಗಳು’ ಅಂದರೆ ಕುರ್ಚಿಗೆ ಹಾಕುವ ಸೀಟು ಮಾತ್ರ ಬರುತ್ತದೋ ಏನೋ ಅನ್ನಿಸಬಹುದು. ಹಾಗಾಗಿ ‘ಕುರ್ಚಿ’ಗೆ ಬದಲಿ ಪದ ಬೇಡ. ಹೇಳದೆಯೂ ಗೊತ್ತಾಗುವ ಕಡೆ ಅದನ್ನು ಬಿಟ್ಟುಬಿಡಿ, ಸಾಕು. ಕನ್ನಡದಲ್ಲಿ “40 ಕುರ್ಚಿಗಳಲ್ಲಿ 28 ಸಿದ್ಧವಾಗಿವೆ, ಉಳಿದ 12 ಇನ್ನೂ ಆಗಿಲ್ಲ” ಅಂದರೆ ಏನೂ ಕಡಿಮೆಯಾಗುವುದಿಲ್ಲ. ‘ಉಳಿದ’ ಅನ್ನುವ ಒಂದೇ ಪದ ಹಿಂದಿನ ಲೆಕ್ಕಕ್ಕೆ ಕೊಂಡಿ ಹಾಕುತ್ತದೆ. ಅಲ್ಲಿದ್ದ ‘ಮತ್ತು’ ತಾನಾಗಿಯೇ ಬಿದ್ದುಹೋಗುತ್ತದೆ. ಒಂದು ಆಗಿದೆ, ಇನ್ನೊಂದು ಆಗಿಲ್ಲ ಎಂಬ ಎದುರು ಬದುರು ಮಾತಿಗೆ ‘ಮತ್ತು’ ಮೊದಲೇ ಒಗ್ಗುವುದಿಲ್ಲ.

ಈಗ ‘ಹಾಗಾಗಿ’. ಪ್ರತಿ ‘ಹಾಗಾಗಿ’ ಹತ್ತಿರ ನಿಂತು ಒಂದು ಪ್ರಶ್ನೆ ಕೇಳಿ: ಇದರ ಹಿಂದಿನ ವಾಕ್ಯ ಕಾರಣವೇ, ಮುಂದಿನದು ಅದರ ಫಲವೇ? ನಿಮ್ಮ ಮೊದಲನೆಯದನ್ನು ನೋಡಿ. “12 ಸಿದ್ಧವಾಗಿಲ್ಲ. ಹಾಗಾಗಿ ಬಟ್ಟೆ ಬರುವುದು ತಡವಾಗಿದೆ.” ಕುರ್ಚಿ ಆಗದ್ದರಿಂದ ಬಟ್ಟೆ ತಡವಾಯಿತು ಅಂತ ಅರ್ಥ ಬರುತ್ತದೆ, ಅಲ್ವಾ? ನಡೆದದ್ದು ತಿರುಗುಮುರುಗು. ಇಲ್ಲಿ ‘ಆದ್ದರಿಂದ’ ಹಾಕಿದರೂ ತಪ್ಪು ತಪ್ಪೇ. ಕಾರಣವನ್ನು ಮುಂದಕ್ಕೆ ತಂದು ಒಂದೇ ವಾಕ್ಯ ಮಾಡಿ: “ಬಟ್ಟೆ ಬರುವುದು ತಡವಾದ್ದರಿಂದ ಉಳಿದ 12 ಆಗಿಲ್ಲ.” ಜೋಡಿಸುವ ಕೆಲಸವನ್ನು ಕ್ರಿಯಾಪದದ ಕೊನೆಯೇ ಮಾಡುತ್ತದೆ. ಎರಡನೆಯ ‘ಹಾಗಾಗಿ’ ಕಾರಣವನ್ನು ಹೇಳುತ್ತದೆ, ಆದರೆ ಸಡಿಲವಾಗಿ. ಮೂರನೆಯದು ಏನೂ ಹೇಳುವುದಿಲ್ಲ, ಸುಮ್ನೆ ಕೂತಿದೆ. ಅದನ್ನು ತೆಗೆದುಬಿಡಿ.

‘ಮತ್ತು’, ‘ಹಾಗೂ’ ಇರುವ ಎರಡು ವಾಕ್ಯಗಳಿಗೆ ಬೇರೆ ಪರೀಕ್ಷೆ ಇದೆ. ಅವುಗಳ ಜಾಗ ಅದಲು ಬದಲು ಮಾಡಿ ನೋಡಿ. ಏನೂ ವ್ಯತ್ಯಾಸ ಆಗದಿದ್ದರೆ ಅಲ್ಲಿ ಕ್ರಮವನ್ನೇ ಯೋಚಿಸಿಲ್ಲ ಎಂದರ್ಥ. ನೀವು 18ನೇ ತಾರೀಖನ್ನು ಮೊದಲು ಹೇಳಿ ನಾಳೆಯದನ್ನು ಆಮೇಲೆ ಹೇಳಿದ್ದೀರಿ. ನಾಳೆಯದು ಮೊದಲು ಬಂದರೆ ದಿನಗಳೇ ವಾಕ್ಯಗಳನ್ನು ಸಾಲಾಗಿ ನಿಲ್ಲಿಸುತ್ತವೆ, ಜೋಡಿಸುವ ಪದ ಬೇಕಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ‘ಇದರ ಬಗ್ಗೆ’. ಯಾವುದರ ಬಗ್ಗೆ ಒಪ್ಪಿಗೆ? ತಡವಾದದ್ದಕ್ಕೋ, ಎರಡು ಸಲ ಕಳಿಸುವುದಕ್ಕೋ? ‘ಇದು’, ‘ಅದು’ ಬಂದ ಕಡೆ ಪಕ್ಕದಲ್ಲಿ ಒಂದು ನಾಮಪದ ಇಟ್ಟು ನೋಡಿ. ಇಡಲು ಪದ ಸಿಗದಿದ್ದರೆ ನಮಗೇ ಸ್ಪಷ್ಟವಿಲ್ಲ.

ಇಷ್ಟು ಮಾಡಿದ ಮೇಲೆ ಹೀಗಾಗುತ್ತದೆ:

“ನೀವು ಆರ್ಡರ್ ಮಾಡಿದ 40 ಕುರ್ಚಿಗಳಲ್ಲಿ 28 ಸಿದ್ಧವಾಗಿವೆ. ಬಟ್ಟೆ ಬರುವುದು ತಡವಾದ್ದರಿಂದ ಉಳಿದ 12 ಇನ್ನೂ ಆಗಿಲ್ಲ. ಸಿದ್ಧವಿರುವ 28ನ್ನು ನಾಳೆ ಕಳುಹಿಸಿ, ಉಳಿದವನ್ನು 18ನೇ ತಾರೀಖು ಕಳುಹಿಸುತ್ತೇವೆ. ಹೀಗೆ ಎರಡು ಸಲ ಕಳುಹಿಸಲು ನಿಮ್ಮ ಒಪ್ಪಿಗೆ ಇದೆಯೇ ಎಂದು ಇಂದೇ ತಿಳಿಸಿ. ಬೇಡವೆಂದರೆ 40ನ್ನೂ 18ರಂದು ಒಟ್ಟಿಗೆ ಕಳುಹಿಸುತ್ತೇವೆ.”

ಕೊನೆಯ ವಾಕ್ಯವನ್ನೂ ‘ಇಂದೇ’ ಎಂಬುದನ್ನೂ ನಾನು ಸೇರಿಸಿದ್ದೇನೆ, ಗಮನಿಸಿ. ಕಳಿಸುವುದು ನಾಳೆ ಅಂದಮೇಲೆ ಉತ್ತರ ಇಂದೇ ಬರಬೇಕಲ್ಲ. ಅವರು ಒಪ್ಪದಿದ್ದರೆ ಏನು ಮಾಡುತ್ತೀರಿ ಎಂಬುದು ನಿಮ್ಮ ಮೇಲ್‌ನಲ್ಲಿ ಇರಲೇ ಇಲ್ಲ. ಸಡಿಲ ‘ಹಾಗಾಗಿ’ಗಳು ಆ ಖಾಲಿ ಜಾಗವನ್ನು ಮುಚ್ಚಿಟ್ಟಿದ್ದವು. ಒಟ್ಟಿಗೆ ಕಳಿಸಲು ಆಗುತ್ತದೆಯೇ ಎಂದು ಮ್ಯಾನೇಜರ್ ಹತ್ತಿರ ಕೇಳಿಕೊಂಡೇ ಆ ವಾಕ್ಯ ಇಡಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ? ಮೇಲ್ ಉದ್ದವಾಯಿತು ಅನ್ನುವುದೇ ತೊಂದರೆ ಆದರೆ 1, 2, 3 ಅಂತ ಪಾಯಿಂಟ್ ಮಾಡಿ ಹಾಕಿ.

ಭಾಷಾ ಸಂಪಾದಕಿ: ಉದ್ದದ ಮಾತು ಅವರು ಎತ್ತಿಲ್ಲ, ಆದರೂ ಹೇಳುತ್ತೇನೆ. ಎಷ್ಟು ಕುರ್ಚಿ, ಯಾವ ದಿನ ಅನ್ನುವುದಕ್ಕೆ ಪಾಯಿಂಟ್ ಚೆನ್ನಾಗಿಯೇ ಇರುತ್ತದೆ. ಯಾಕೆ ಹೀಗಾಯಿತು, ಈಗ ನೀವೇನು ಮಾಡಬೇಕು ಅನ್ನುವುದನ್ನೂ ತುಂಡು ಮಾಡಿದರೆ ಕಾರಣ ಒಂದು ಸಾಲಿನಲ್ಲಿ, ಫಲ ಇನ್ನೊಂದರಲ್ಲಿ ನಿಲ್ಲುತ್ತದೆ. ಸಂಬಂಧ ಹುಡುಕುವ ಕೆಲಸ ಓದುವವರ ಮೇಲೆ ಬೀಳುತ್ತದೆ.

ಮಾರಾಟ ವಿಭಾಗದವರು: ‘ಆಸನ’ದ ವಿಷಯ ಒಪ್ಪಿದೆ. ಆದರೆ ಮೇಡಂ, ‘ಕಳುಹಿಸಲಾಗುವುದು’ ತೆಗೆದು ‘ಕಳುಹಿಸುತ್ತೇವೆ’ ಮಾಡಿದ್ದೀರಲ್ಲ. ನಮ್ಮ ಗ್ರಾಹಕರಿಗೆ ಮೊದಲನೆಯದೇ ಗಂಭೀರ ಅನ್ನಿಸುತ್ತದೆ.

ಭಾಷಾ ಸಂಪಾದಕಿ: ಯಾರು ಕಳಿಸುತ್ತಾರೆ ಎಂಬುದು ‘ಕಳುಹಿಸುತ್ತೇವೆ’ಯಲ್ಲಿ ಕಾಣುತ್ತದೆ, ತಡದ ಸುದ್ದಿ ಹೇಳುವಾಗ ನನಗೆ ಅದೇ ಇಷ್ಟ. ನಿಮ್ಮ ಗ್ರಾಹಕರು ನಿಮಗೇ ಚೆನ್ನಾಗಿ ಗೊತ್ತು. ಇದರಲ್ಲಿ ನಾನು ಹಟ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಇನ್ನೊಂದು ಸಂದೇಹ. ಇದೇ ಗ್ರಾಹಕರಿಗೆ 6 ಮೇಜುಗಳೂ ಹೋಗಬೇಕು, ಅವು 25ಕ್ಕೆ. ಅದನ್ನೂ ‘ಉಳಿದವು’ ಅಂತ ಸೇರಿಸಬಹುದಾ?

ಭಾಷಾ ಸಂಪಾದಕಿ: ಬೇಡ. ಮೂರು ಗುಂಪು ಆದ ಕೂಡಲೇ ‘ಉಳಿದವು’ ಯಾವುದು ಅನ್ನುವ ಗೊಂದಲ ಶುರು. ಆಗ ‘28 ಕುರ್ಚಿಗಳು’, ‘12 ಕುರ್ಚಿಗಳು’, ‘6 ಮೇಜುಗಳು’ ಅಂತ ಪ್ರತಿ ಸಲ ಪೂರ್ತಿ ಹೆಸರು ಬರೆಯಿರಿ. ಮ್ಯಾನೇಜರ್ ಮತ್ತೆ ಪುನರಾವರ್ತನೆ ಅಂದರೆ, ಈ ಒಂದನ್ನು ಬೇಕೆಂದೇ ಇಟ್ಟಿದ್ದೇನೆ ಅಂತ ಹೇಳಿ.