ಆ 1,082 ರೂಪಾಯಿ ಎಲ್ಲಿಗೆ ಹೋಯಿತು?

ಹಳೇಮನೆ ಬಳಗ
2024 ಫೆಬ್ರುವರಿ 18, ಭಾನುವಾರ

ಚಿಕ್ಕಪ್ಪ, ಬೆಳಿಗ್ಗೆ 8.10
ನನ್ನ ಹಳೆಯ ಸ್ನೇಹಿತರ ಗುಂಪಿನಲ್ಲಿ ಬಂದ ಎಕ್ಸೆಲ್ ಹಾಳೆಯೊಂದನ್ನು ಇಲ್ಲಿ ಹಾಕಿದ್ದೇನೆ. ತಿಂಗಳ ಮೂಲ ವೇತನವನ್ನೂ ಪಿಎಫ್ ಪಾಸ್‌ಬುಕ್ಕಿನ ಅಂಕಿಗಳನ್ನೂ ತುಂಬಿದರೆ, ಕಂಪನಿ ಕಡಿಮೆ ಕಟ್ಟಿದ ತಿಂಗಳುಗಳು ಕೆಂಪಾಗುತ್ತವೆ. ನಿನ್ನೆ ರಾತ್ರಿ ಹರ್ಷನ ಅಂಕಿಗಳನ್ನು ತುಂಬಿದೆ. ಹಾಳೆಯ ಮುಕ್ಕಾಲು ಭಾಗ ಕೆಂಪಾಯಿತು. ಕಳೆದ ಏಪ್ರಿಲ್‌ನಿಂದ ಜನವರಿಯವರೆಗೆ, ಹತ್ತೇ ತಿಂಗಳಲ್ಲಿ, ಪಿಂಚಣಿ ಖಾತೆಗೆ 10,820 ರೂಪಾಯಿ ಕಡಿಮೆ ಹಾಕಿದ್ದಾರೆ. ಹುಡುಗ ಕೆಲಸ ಬಿಟ್ಟು ಬಂದಿದ್ದಾನೆ. ದೂರು ಕೊಡುವುದಿದ್ದರೆ ಈಗಲೇ ಕೊಡಬೇಕು.

ಹರ್ಷ, 8.42
ಚಿಕ್ಕಪ್ಪ, ನಾನೂ ನೋಡಿದೆ. ನನ್ನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 28,000. ಅದರ 8.33% ಅಂದರೆ 2,332 ರೂಪಾಯಿ ಪಿಂಚಣಿಗೆ ಹೋಗಬೇಕು ಎಂದು ಹಾಳೆ ಹೇಳುತ್ತದೆ, ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ 1,250 ಮಾತ್ರ ಇದೆ. ತಿಂಗಳಿಗೆ 1,082 ರೂಪಾಯಿ ಎಲ್ಲಿಗೆ ಹೋಯಿತು ಎಂದು ದೂರಿನಲ್ಲಿ ಕೇಳಬೇಕೆಂದಿದ್ದೇನೆ.

ವೀಣಾ, 9.05
ದೂರು ಬರೆಯುವ ಮೊದಲು ಪಾಸ್‌ಬುಕ್ಕಿನ ಪಕ್ಕದ ಕಾಲಮ್ಮನ್ನೂ ಓದು ಹರ್ಷ. ಉದ್ಯೋಗದಾತರ ಪಾಲು ಎಂಬಲ್ಲಿ ಎಷ್ಟಿದೆ?

ಹರ್ಷ, 9.07
2,110 ಇದೆ ವೀಣಕ್ಕ. ಹಾಳೆಯ ಪ್ರಕಾರ ಅಲ್ಲಿ 3.67%, ಅಂದರೆ 1,028 ಇರಬೇಕಿತ್ತು.

ವೀಣಾ, 9.20
2,110ರಲ್ಲಿ 1,028 ಕಳೆದು ನೋಡು. ಉಳಿಯುವುದು ಅದೇ 1,082. ಒಂದು ಕಾಲಮ್ಮಿನಲ್ಲಿ ಕಳೆದುಹೋಗಿದೆ ಎಂದು ನೀವಿಬ್ಬರೂ ಹುಡುಕುತ್ತಿರುವ ಹಣ ಪಕ್ಕದ ಕಾಲಮ್ಮಿನಲ್ಲೇ ಇದೆ.

ಕಂಪನಿ ತನ್ನ ಪಾಲಿನ 12% ಎಂದು 3,360 ರೂಪಾಯಿ ಕಟ್ಟುತ್ತದೆ. ಅದರಲ್ಲಿ ಪಿಂಚಣಿ ಯೋಜನೆಗೆ ಹೋಗುವುದು 8.33% ನಿಜ, ಆದರೆ ಆ ದರವನ್ನು ಪೂರ್ತಿ ಸಂಬಳಕ್ಕೆ ಹಾಕುವುದಿಲ್ಲ, ವೇತನ ಮಿತಿಯವರೆಗೆ ಮಾತ್ರ ಹಾಕುತ್ತಾರೆ. 2014ರ ಸೆಪ್ಟೆಂಬರ್ 1ರಿಂದ ಆ ಮಿತಿ 15,000 ರೂಪಾಯಿ, ಅದಕ್ಕೂ ಮೊದಲು 6,500 ಇತ್ತು. 15,000ಕ್ಕೆ 8.33% ಹಾಕಿದರೆ 1,249.50 ಬರುತ್ತದೆ, ರೂಪಾಯಿಗೆ ಸರಿಮಾಡಿದರೆ 1,250. ಮಿಕ್ಕ 2,110 ನಿನ್ನ ಪಿಎಫ್ ಖಾತೆಗೇ ಬರುತ್ತದೆ, ಅದಕ್ಕೆ ಬಡ್ಡಿಯೂ ಸೇರುತ್ತದೆ.

ಚಿಕ್ಕಪ್ಪ, 9.31
ನಾನು ಮೂವತ್ತು ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವನು ವೀಣಾ. ಹಾಳೆ ಪೂರ್ತಿ ತಪ್ಪಾಗಿದ್ದರೆ ಎಲ್ಲ ತಿಂಗಳೂ ಕೆಂಪಾಗಬೇಕಿತ್ತು. ಮೊದಲ ಹತ್ತು ತಿಂಗಳು, 2016ರ ಜೂನ್‌ನಿಂದ 2017ರ ಮಾರ್ಚ್‌ವರೆಗೆ, ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲದೆ ತಾಳೆಯಾಗಿದೆ. ಆಮೇಲೆಯೇ ಕೆಂಪು ಶುರುವಾಗುತ್ತದೆ. ಮೊದಮೊದಲು ಸರಿಯಾಗಿ ಕಟ್ಟಿ, ಹುಡುಗ ಹಳಬನಾದ ಮೇಲೆ ಕೈಚಳಕ ತೋರಿಸಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ.

ವೀಣಾ, 9.50
ಚಿಕ್ಕಪ್ಪ, ನೀವು ಹೇಳಿದ್ದೇ ಹಾಳೆಯ ರೋಗವನ್ನು ತೋರಿಸುತ್ತದೆ. ಹರ್ಷ ಸೇರಿದಾಗ ಸಂಬಳ 13,500. ಅದು ಮಿತಿಯೊಳಗಿತ್ತು, ಹಾಗಾಗಿ 8.33% ಎಂದರೆ 1,125, ಉಳಿದದ್ದು 495. ಪಾಸ್‌ಬುಕ್ಕೂ ಹಾಳೆಯೂ ಅದನ್ನೇ ಹೇಳುತ್ತವೆ. 2017ರ ಏಪ್ರಿಲ್‌ನಲ್ಲಿ ಸಂಬಳ 16,000 ಆಯಿತು ಎಂದು ಅವನೇ ತುಂಬಿದ್ದಾನೆ. ಸಂಬಳ ಮಿತಿ ದಾಟಿದ ತಿಂಗಳೇ ಕೆಂಪು ಶುರುವಾಗಿದೆ. ಹಾಳೆ ಮಾಡಿದವರು ಕಡಿಮೆ ಸಂಬಳದ ಒಂದು ಉದಾಹರಣೆಯನ್ನು ತಾಳೆ ನೋಡಿ ಅಲ್ಲಿಗೇ ನಿಲ್ಲಿಸಿರಬೇಕು.

ದಯವಿಟ್ಟು ಪಿಂಚಣಿಯ ಕಾಲಮ್ಮಿಗೂ ಅದರ ಮುಂದಿನದಕ್ಕೂ ಈ ಎರಡು ಸೂತ್ರಗಳನ್ನು ಹಾಕಿ ನೋಡಿ. `B2` ಎಂದರೆ ಸಂಬಳ, `C2` ಎಂದರೆ ಪಿಂಚಣಿ.

```
=ROUND(MIN(B2,15000)*8.33%,0)
=ROUND(B2*12%,0)-C2
```

ಒಂದು ಎಚ್ಚರಿಕೆ. ಎರಡನೆಯ ಸೂತ್ರ ಹರ್ಷನ ಕಂಪನಿಗೆ ಸರಿ, ಏಕೆಂದರೆ ಅವರು ಪೂರ್ತಿ ಸಂಬಳದ ಮೇಲೆ 12% ಕಟ್ಟುತ್ತಾರೆ. ತಮ್ಮ ಪಾಲನ್ನೂ 15,000ಕ್ಕೇ ನಿಲ್ಲಿಸುವ ಕಂಪನಿಗಳು ಬಹಳ ಇವೆ, ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಅಲ್ಲಿ ಒಟ್ಟು 1,800, ಅದರಲ್ಲಿ ಪಿಂಚಣಿಗೆ 1,250, ಪಿಎಫ್‌ಗೆ 550. ಯಾವ ಪದ್ಧತಿ ಎಂಬುದನ್ನು ನೇಮಕಾತಿ ಪತ್ರದಲ್ಲಿ ನೋಡಿಕೊಳ್ಳದೆ ಯಾರ ಪಾಸ್‌ಬುಕ್ಕನ್ನೂ ತಾಳೆ ನೋಡಬಾರದು.

ಸರೋಜತ್ತೆ, 10.02
ಹಾಗಾದರೆ ದೊಡ್ಡ ಸಂಬಳದವರಿಗೆಲ್ಲ ಪಿಂಚಣಿ ಕಾಲಮ್ಮಿನಲ್ಲಿ 1,250 ಇದ್ದರೆ ಸರಿ ಎಂದು ಅರ್ಥವೇ?

ವೀಣಾ, 10.11
ಇಲ್ಲ ಅತ್ತೆ. 2014ರ ಸೆಪ್ಟೆಂಬರ್ ನಂತರ ಮೊದಲ ಬಾರಿಗೆ ಪಿಎಫ್‌ಗೆ ಸೇರಿದವರ ಸಂಬಳ ಸೇರುವಾಗಲೇ 15,000 ದಾಟಿದ್ದರೆ ಅವರು ಪಿಂಚಣಿ ಯೋಜನೆಯ ಸದಸ್ಯರೇ ಆಗುವುದಿಲ್ಲ. ಅಂಥವರಿಗೆ ಆ ಕಾಲಮ್ಮು ಸೊನ್ನೆ ಇರಬೇಕು, ಕಂಪನಿಯ 12% ಪೂರ್ತಿ ಪಿಎಫ್‌ಗೇ ಹೋಗಬೇಕು. ಅಲ್ಲಿ 1,250 ಕಂಡರೆ ಅದೇ ತಪ್ಪು, ಹಣ ತೆಗೆಯಲು ಹೋದಾಗ ಅರ್ಜಿ ಸಿಕ್ಕಿಕೊಳ್ಳುವುದು ಇಂಥ ಕಡೆಯೇ. ಹರ್ಷ 13,500ಕ್ಕೆ ಸೇರಿದ್ದರಿಂದ ಆ ತೊಂದರೆ ಇಲ್ಲ. ಆಮೇಲೆ ಸಂಬಳ ಏರಿದರೂ ಸದಸ್ಯತ್ವ ಉಳಿಯುತ್ತದೆ.

ಚಿಕ್ಕಪ್ಪ, 10.48
ಸೂತ್ರ ಬದಲಾಯಿಸಿದೆ. ಒಪ್ಪಿದೆ, ಕೆಂಪೆಲ್ಲ ಹೋಯಿತು. ಆದರೆ ಪೂರ್ತಿ ಹೋಗಿಲ್ಲ. 2020ರ ಮೇ, ಜೂನ್, ಜುಲೈ ಈ ಮೂರು ಸಾಲುಗಳು ಹಾಗೇ ನಿಂತಿವೆ. 22,000 ಸಂಬಳಕ್ಕೆ 2,640 ಕಟ್ಟಬೇಕಾದಲ್ಲಿ ಹರ್ಷನ ಪಾಲು 2,200, ಕಂಪನಿಯ ಪಾಲೂ ಪಿಂಚಣಿ ಸೇರಿ 2,200. ಇದಕ್ಕೇನು ಹೇಳುತ್ತೀ?

ವೀಣಾ, 11.00
ಅದು ಕೋವಿಡ್ ಕಾಲದ ರಿಯಾಯಿತಿ. ಆ ಮೂರು ತಿಂಗಳ ವೇತನಕ್ಕೆ ಕೇಂದ್ರ ಸರ್ಕಾರ ದರವನ್ನು ಎರಡೂ ಕಡೆ 12%ರಿಂದ 10%ಕ್ಕೆ ಇಳಿಸಿತ್ತು. ಪಿಂಚಣಿಯ 1,250 ಮಾತ್ರ ಬದಲಾಗಲಿಲ್ಲ, ಆದ್ದರಿಂದ ಪಿಎಫ್‌ಗೆ ಬಂದ ಕಂಪನಿಯ ಪಾಲು 950ಕ್ಕೆ ಇಳಿದಿದೆ. ಪಾಸ್‌ಬುಕ್ಕಿನಲ್ಲಿ ತಪ್ಪಿಲ್ಲ.

ಚಿಕ್ಕಪ್ಪ, 11.09
ಪಾಸ್‌ಬುಕ್ಕಿನಲ್ಲಿ ತಪ್ಪಿಲ್ಲದಿರಬಹುದು. ಹರ್ಷನ ಪಾಲಿನಿಂದ ಕಡಿಮೆಯಾದ 440 ಅವನ ಕೈಗೆ ಬಂದಿರುತ್ತದೆ, ಸರಿ. ಕಂಪನಿಯ ಪಾಲಿನಿಂದ ಕಡಿಮೆಯಾದ 440 ಯಾರ ಜೇಬಿಗೆ ಹೋಯಿತು? ಕಂಪನಿಯ ಪಾಲಿನ ಪಿಎಫ್ ಕೂಡ ಸಿಟಿಸಿಯೊಳಗೇ, ಅಂದರೆ ಅವನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನೊಳಗೇ, ಸೇರಿದೆ ಎಂದು ಕೆಲಸಕ್ಕೆ ಸೇರುವಾಗ ಅವನೇ ನನಗೆ ಹೇಳಿದ್ದ.

ವೀಣಾ, 11.26
ಇದು ಸರಿಯಾದ ಪ್ರಶ್ನೆ, ನನಗೆ ಹೊಳೆದಿರಲಿಲ್ಲ. ಸಿಟಿಸಿ ಪದ್ಧತಿಯಲ್ಲಿ ಕಂಪನಿಯ ಪಾಲಿನಲ್ಲಿ ಉಳಿದದ್ದೂ ನೌಕರನಿಗೆ ಸಲ್ಲಬೇಕು ಎಂದು ಇಪಿಎಫ್‌ಒ ಆಗ ಹೊರಡಿಸಿದ ಪ್ರಶ್ನೋತ್ತರದಲ್ಲಿ 10,000 ರೂಪಾಯಿ ವೇತನದ ಉದಾಹರಣೆಯೊಂದಿಗೆ ಹೇಳಲಾಗಿತ್ತು. ಹರ್ಷ, 2020ರ ಏಪ್ರಿಲ್ ಮತ್ತು ಜೂನ್ ತಿಂಗಳ ಸಂಬಳದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡು. ಕೈಗೆ ಬಂದ ಸಂಬಳ 880 ಹೆಚ್ಚಾಗಿದೆಯೇ, 440 ಹೆಚ್ಚಾಗಿದೆಯೇ?

ಹರ್ಷ, 11.51
440 ಮಾತ್ರ. ಜುಲೈಯಲ್ಲೂ ಅಷ್ಟೇ, ಆಮೇಲೆ ಬಾಕಿ ಎಂದೂ ಕೊಟ್ಟಿಲ್ಲ. ಮೂರು ತಿಂಗಳಿಗೆ 1,320 ರೂಪಾಯಿ.

ಚಿಕ್ಕಪ್ಪ, 11.53
ಮಂಡಿಯ ಲೆಕ್ಕವೂ ಕೆಲವೊಮ್ಮೆ ಕೆಲಸಕ್ಕೆ ಬರುತ್ತದೆ ಎಂದು ಗುಂಪಿನವರು ಗಮನಿಸಬೇಕು.

ಸರೋಜತ್ತೆ, ಮಧ್ಯಾಹ್ನ 12.15
1,320ರ ಸಂಭ್ರಮ ಸಾಕು. ಹರ್ಷ, ಗ್ರಾಚ್ಯುಟಿ ಎಷ್ಟು ಕೊಟ್ಟರು? ಈ ಹಾಳೆಯಲ್ಲಿ ಅದರ ಮಾತೇ ಇಲ್ಲವಲ್ಲ.

ಹರ್ಷ, 12.20
ಅಂತಿಮ ಲೆಕ್ಕದ ಪತ್ರದಲ್ಲಿ 98,000 ಎಂದಿದೆ ಅತ್ತೆ. 28,000 × 15 ÷ 30 × 7 ಎಂದು ಬರೆದಿದ್ದಾರೆ. ಹಣ ಇನ್ನೂ ಬಂದಿಲ್ಲ.

ಚಿಕ್ಕಪ್ಪ, 12.28
ಸಿಟಿಸಿ ಪತ್ರದಲ್ಲಿ ಗ್ರಾಚ್ಯುಟಿ 4.81% ಎಂದು ತಿಂಗಳು ತಿಂಗಳೂ ತೋರಿಸಿರುತ್ತಾರೆ. ಅದನ್ನೆಲ್ಲ ಕೂಡಿದರೆ ಎಷ್ಟು ಕೊಡಬೇಕೆಂದು ಗೊತ್ತಾಗುತ್ತದೆ, ಅದು ಅವನ ಸಂಬಳದಿಂದಲೇ ಹಿಡಿದ ಹಣ.

ವೀಣಾ, 12.55
ಚಿಕ್ಕಪ್ಪ, ಹಾಗೆ ಕೂಡಿದರೆ ಹರ್ಷನಿಗೇ ನಷ್ಟ. ಗ್ರಾಚ್ಯುಟಿ ಪಿಎಫ್‌ನಂತೆ ತಿಂಗಳು ತಿಂಗಳೂ ಅವನ ಹೆಸರಿನಲ್ಲಿ ಜಮೆಯಾಗುವ ವಂತಿಗೆಯಲ್ಲ. ಹದಿನೈದು ದಿನದ ವೇತನವನ್ನು ಇಪ್ಪತ್ತಾರು ದಿನದ ತಿಂಗಳಿಗೆ ಭಾಗಿಸಿ, ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 4.81% ಬರುತ್ತದೆ, ಕಂಪನಿ ತನ್ನ ಮುಂದಿನ ಹೊಣೆಯನ್ನು ಸಿಟಿಸಿಯಲ್ಲಿ ತೋರಿಸಲು ಬಳಸುವ ಅಂದಾಜು ಅದು. 2016ರಲ್ಲಿ 13,500ಕ್ಕೆ ಅದು ತಿಂಗಳಿಗೆ 649 ರೂಪಾಯಿ ಆಗುತ್ತಿತ್ತು. ಕಾನೂನು ಮಾತ್ರ 2016ರ ಸೇವೆಗೂ ಕೊನೆಯ ಸಂಬಳವಾದ 28,000ದ ಲೆಕ್ಕದಲ್ಲೇ ಕೊಡಬೇಕೆನ್ನುತ್ತದೆ.

ಈಗ ಆ ಪತ್ರದ ಲೆಕ್ಕ. ಅದರಲ್ಲಿ ಎರಡು ತಪ್ಪುಗಳಿವೆ. 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ತಿಂಗಳ ಸಂಬಳಕ್ಕೆ ಭಾಜಕ 26, ಏಕೆಂದರೆ ವಾರದ ರಜೆಗಳನ್ನು ಕಳೆದು ತಿಂಗಳನ್ನು ಎಣಿಸುತ್ತಾರೆ. 30ರಿಂದ ಭಾಗಿಸುವ ಲೆಕ್ಕ ಇರುವುದು ಆ ಕಾಯ್ದೆಗೆ ಒಳಪಡದ ನೌಕರರ ಆದಾಯ ತೆರಿಗೆ ವಿನಾಯಿತಿಗೆ. ನೂರಾರು ಜನ ಕೆಲಸ ಮಾಡುವ ಕಾರ್ಖಾನೆಗೆ ಅದು ಹೇಗೆ ಬಂತೋ. ಇನ್ನೊಂದು, ಹರ್ಷ ಸೇರಿದ್ದು 2016ರ ಜೂನ್ 10, ಬಿಟ್ಟದ್ದು 2024ರ ಜನವರಿ 31. ಏಳು ವರ್ಷ ತುಂಬಿ ಏಳು ತಿಂಗಳ ಮೇಲಾಗಿದೆ. ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷವೆಂದೇ ಎಣಿಸಬೇಕು, ಆದ್ದರಿಂದ ವರ್ಷ 8.

28,000 × 15 ÷ 26 × 8 = 1,29,231. ಕೊಡುತ್ತೇವೆಂದಿರುವುದು 98,000. ಕಡಿಮೆಯಾಗಿರುವುದು 31,231 ರೂಪಾಯಿ.

ಸರೋಜತ್ತೆ, 1.04
ಅದಕ್ಕೂ 15,000ದ ಮಿತಿ ಇಲ್ಲವೇ?

ವೀಣಾ, 1.10
ಇಲ್ಲ ಅತ್ತೆ. ಅದು ಪಿಎಫ್ ಮತ್ತು ಪಿಂಚಣಿಯ ಮಿತಿ. ಗ್ರಾಚ್ಯುಟಿಗೆ ಸಂಬಳದ ಮಿತಿಯಿಲ್ಲ, ಕೊಡುವ ಒಟ್ಟು ಮೊತ್ತಕ್ಕೆ ಮಾತ್ರ 2018ರ ಮಾರ್ಚ್ 29ರಿಂದ 20 ಲಕ್ಷದ ಮಿತಿಯಿದೆ. ಈ ಸಂಬಳದಲ್ಲಿ ಹರ್ಷ ಆ ಮಿತಿ ಮುಟ್ಟಬೇಕಾದರೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ದುಡಿಯಬೇಕು.

ಹರ್ಷ, 1.18
ಹಾಗಾದರೆ ದೂರನ್ನು ಪಿಎಫ್ ಕಚೇರಿಗೆ ಕೊಡುವುದು ಬೇಡವೇ?

ವೀಣಾ, 1.30
ಪಿಎಫ್ ಖಾತೆಯ ಬಗ್ಗೆ ದೂರಲು ಏನೂ ಇಲ್ಲ. ಗ್ರಾಚ್ಯುಟಿ ಆ ಕಚೇರಿಯ ವ್ಯಾಪ್ತಿಗೇ ಬರುವುದಿಲ್ಲ. ಮೊದಲು ಕಂಪನಿಗೆ ನಮೂನೆ ‘ಐ’ಯಲ್ಲಿ ಅರ್ಜಿ ಕೊಡು, ಜೊತೆಗೆ ಮೇಲಿನ ಲೆಕ್ಕವನ್ನು ಇಮೇಲಿನಲ್ಲಿ ಕಳಿಸು. ಗ್ರಾಚ್ಯುಟಿ ಸಲ್ಲಬೇಕಾದ ದಿನದಿಂದ ಮೂವತ್ತು ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಅಷ್ಟರಲ್ಲಿ ಸರಿಪಡಿಸದಿದ್ದರೆ ಕಾರ್ಮಿಕ ಇಲಾಖೆಯಲ್ಲಿರುವ ನಿಯಂತ್ರಣ ಪ್ರಾಧಿಕಾರಕ್ಕೆ ನಮೂನೆ ‘ಎನ್’ ಸಲ್ಲಿಸಬೇಕಾಗುತ್ತದೆ. ನನ್ನ ಅನುಭವದಲ್ಲಿ 26ರ ತಪ್ಪನ್ನು ಲೆಕ್ಕ ಸಮೇತ ತೋರಿಸಿದರೆ ಬಹುಪಾಲು ಕಂಪನಿಗಳು ಅಲ್ಲೇ ತಿದ್ದಿಕೊಳ್ಳುತ್ತವೆ. 1,320ನ್ನು ಬೇರೆ ಪತ್ರದಲ್ಲಿ ಕೇಳು. ಎರಡನ್ನೂ ಒಂದರಲ್ಲಿ ಬೆರೆಸಿದರೆ ಅವರು ಚಿಕ್ಕದಕ್ಕೆ ಉತ್ತರ ಕೊಟ್ಟು ದೊಡ್ಡದನ್ನು ಮರೆಯುತ್ತಾರೆ.

ಹರ್ಷ, ಸಂಜೆ 5.40
ಎರಡೂ ಪತ್ರ ಬರೆದೆ. ಸೇರಿದ ದಿನಕ್ಕೆ ಆಧಾರವಾಗಿ ನೇಮಕಾತಿ ಪತ್ರವನ್ನೂ, ಬಿಟ್ಟ ದಿನಕ್ಕೆ ಬಿಡುಗಡೆ ಪತ್ರವನ್ನೂ ಲಗತ್ತಿಸಿದ್ದೇನೆ.

ಚಿಕ್ಕಪ್ಪ, 5.52
ಮೊತ್ತವನ್ನು ಅಕ್ಷರದಲ್ಲೂ ಬರೆ. ಆ ಹಾಳೆ ಕಳಿಸಿದ ಸ್ನೇಹಿತರ ಗುಂಪಿಗೆ ವೀಣಾಳ ಸೂತ್ರವನ್ನು ನಾನು ಕಳಿಸಿದ್ದೇನೆ. ಅಲ್ಲಿ ಇನ್ನೂ ಮೂವರು ದೂರು ಬರೆಯುತ್ತಿದ್ದರು.