ಸಹಾಯ ಬೇಕು: ಹಾರ್ಟ್‌ಬೀಟ್ ಬರ್ತಿದೆ, ಕೆಲಸ ಮಾತ್ರ ನಿಂತಿದೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಮೆಕ್ಕೆಜೋಳದ ದಲ್ಲಾಳಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡ್ಕೋತೀನಿ. ರಾತ್ರಿ ಒಂದು ಪೈಥಾನ್ ವರ್ಕರ್ 4,000 ಬಿಲ್‌ಗಳನ್ನ ಒಂದೊಂದಾಗಿ ಬೇರೆ ಸರ್ವರ್‌ಗೆ ಕಳಿಸುತ್ತೆ. 30 ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್ ಬರೆಯುತ್ತೆ. 2 ನಿಮಿಷ ಬರದಿದ್ರೆ ನನ್ನ ಫೋನಿಗೆ ಮೆಸೇಜ್.

ಮೊನ್ನೆ 1,312ನೇ ಬಿಲ್‌ಗೇ ನಿಂತುಬಿಟ್ಟಿತ್ತು. ಹಾರ್ಟ್‌ಬೀಟ್ ಮಾತ್ರ ಬೆಳಗಿನವರೆಗೂ ಲಕ್ಷಣವಾಗಿ ಬಂದಿದೆ! ಬೆಣ್ಣೆದೋಸೆ ಮುಂದೆ ಕೂತಿದ್ದಾಗ ಅಂಗಡಿ ಯಜಮಾನರ ಫೋನ್ ಬಂದಮೇಲೇ ಗೊತ್ತಾಗಿದ್ದು. ಹಾರ್ಟ್‌ಬೀಟ್ ಬೇರೆ ಥ್ರೆಡ್‌ನಲ್ಲಿತ್ತು. ಕೆಲಸದ ಥ್ರೆಡ್ `requests.post` ಉತ್ತರಕ್ಕೆ ಕಾಯ್ತಾ ಕೂತಿತ್ತು. `timeout` ಕೊಡದಿದ್ರೆ ಅದು ಎಷ್ಟು ಹೊತ್ತಾದ್ರೂ ಕಾಯುತ್ತೆ. ತಪ್ಪು ನನ್ನದೇ.

ಈಗ `timeout=(5, 30)` ಹಾಕಿದೀನಿ. ಬಿಲ್ ಮುಗಿದಾಗಲೆಲ್ಲ ಕೆಲಸದ ಥ್ರೆಡ್ಡೇ `last_progress_at` ಬರೆಯುತ್ತೆ, ಅಲಾರಂ ಅದನ್ನೇ ನೋಡುತ್ತೆ.

ಸಿಕ್ಕಿಹಾಕ್ಕೊಂಡಿರೋದು ಇಲ್ಲಿ: ಒಂದು ಬಿಲ್‌ಗೆ 2 ಸೆಕೆಂಡ್ ಸಾಕು, ಆದ್ರೆ ಕೊನೆಯ ಒಟ್ಟು ಲೆಕ್ಕದ ಒಂದೇ ಕ್ವೆರಿ 12 ನಿಮಿಷ ಓಡುತ್ತೆ. ನಡುವೆ ಏನೂ ಬರೆಯೋಕಾಗಲ್ಲ. ಮಿತಿ 3 ನಿಮಿಷ ಇಟ್ರೆ ದಿನಾ ಸುಳ್ಳು ಅಲಾರಂ, 20 ಇಟ್ರೆ ಬಿಲ್ ನಿಂತಿದ್ದು ತಡವಾಗಿ ಗೊತ್ತಾಗುತ್ತೆ. ಹಂತಕ್ಕೊಂದು ಮಿತಿ ಇಡೋದಾ, ಇಲ್ಲ ಕ್ವೆರಿಯನ್ನ ಅಂಗಡಿವಾರು ಒಡೆಯೋದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.