ಪದಚರ್ಚೆ: separate ಪದದ ನಡುವೆ ‘ಇ’ ಏಕೆ ನುಸುಳುತ್ತದೆ?

ಮೈಸೂರಿನಿಂದ:
ಮಾನ್ಯರೇ, ನಮ್ಮ ಸಹಕಾರ ಸಂಘದ ಕಚೇರಿಗೆ ಮಹಿಳೆಯರ ಪ್ರತ್ಯೇಕ ಸಾಲಿನ ಫಲಕವೊಂದನ್ನು ಎರಡೂ ಭಾಷೆಗಳಲ್ಲಿ ಬರೆಸುತ್ತಿದ್ದೇವೆ. ಕರಡಿನಲ್ಲಿ seperate ಎಂದಿದ್ದುದನ್ನು ನಾನೇ ಓದಿ ಒಪ್ಪಿಗೆ ಕೊಟ್ಟಿದ್ದೆ. ಸಹೋದ್ಯೋಗಿಯೊಬ್ಬರು ಬೆರಳಿಟ್ಟು ತೋರಿಸಿದ ಮೇಲೆ ತಪ್ಪು ಕಂಡಿತು. ಇಂದು ಸಂಜೆಯೊಳಗೆ ತಿದ್ದಿದ ಪ್ರತಿ ಕಳುಹಿಸಬೇಕು. ಈ ಒಂದು ಪದದಲ್ಲಿ ಮತ್ತೆ ಮತ್ತೆ ಎಡವುವುದೇಕೆ, ನೆನಪಿಡುವುದು ಹೇಗೆ?

ಧಾರವಾಡದಿಂದ:
‘ಹೆಂಗಸರ ಬೇರೆ ಸಾಲು’ ಎಂದು ದೊಡ್ಡದಾಗಿ ಬರೆಸಿ, ಇಂಗ್ಲಿಷನ್ನು ಕೈಬಿಡಿ. ‘ಪ್ರತ್ಯೇಕ’ವೂ ಬೇಡ, ಅದೂ ಎರವಲೇ.

ಶಿವಮೊಗ್ಗದಿಂದ:
ಕನ್ನಡಿಗರಿಗೆ ಇದು ಕಷ್ಟವಾಗಬಾರದು. ನಾವು ‘ಸಪರೇಟ್’ ಎನ್ನುತ್ತೇವೆ. ‘ಪ’ದಲ್ಲಿ ಅಕಾರ ಸ್ಪಷ್ಟವಾಗಿ ಕೇಳುವುದರಿಂದ ಅಲ್ಲಿ ‘ಎ’ ಅಕ್ಷರ ಹಾಕಿದರಾಯಿತು.

ಬೆಂಗಳೂರಿನಿಂದ:
ಶಿವಮೊಗ್ಗದವರ ಸೂತ್ರವನ್ನು ನಂಬಿದರೆ ಮೊದಲ ಸ್ವರಕ್ಕೂ ‘ಎ’ ಬರೆಯಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ‘ಆಪರೇಟ್’ ಎನ್ನುವಾಗಲೂ ನಮ್ಮ ಬಾಯಲ್ಲಿ ಅದೇ ‘ಪರೇಟ್’ ಇದೆ, ಆದರೆ ಅಲ್ಲಿ operate ಎಂದು ‘ಇ’ಯನ್ನೇ ಬರೆಯಬೇಕು. ಕಿವಿ ಇಲ್ಲಿ ತೀರ್ಪು ಕೊಡಲಾರದು. ಇಂಗ್ಲಿಷರಿಗೂ ಅಷ್ಟೇ: ಒತ್ತು ಮೊದಲ ಭಾಗದ ಮೇಲೆ ಬೀಳುವುದರಿಂದ ನಡುವಿನ ಸ್ವರ ಮಸುಕಾಗುತ್ತದೆ, ಗುಣವಾಚಕವಾಗಿ ಬಳಸುವಾಗ ಎಷ್ಟೋ ಸಲ ಪೂರ್ತಿ ಅಳಿದೇ ಹೋಗುತ್ತದೆ. ಆ ಖಾಲಿ ಜಾಗವನ್ನು ತುಂಬಲು ಕೈ operate, generate, desperate ಮುಂತಾದವುಗಳ ರೂಢಿಯನ್ನು ಹಿಡಿಯುತ್ತದೆ.

ಮೂಲದಲ್ಲಿ ಇದು ಲ್ಯಾಟಿನ್ನಿನ ‘ಸೇಪರಾರೆ’: ‘ಸೇ’ ಎಂದರೆ ಬೇರೆಯಾಗಿ, ‘ಪರಾರೆ’ ಎಂದರೆ ಅಣಿಗೊಳಿಸು. ಅದೇ ‘ಪರಾರೆ’ prepare ಪದದಲ್ಲೂ ಇದೆ, ಅಲ್ಲಿ ಒತ್ತು ಬೀಳುವುದರಿಂದ ಯಾರೂ ‘ಎ’ಯನ್ನು ತಪ್ಪುವುದಿಲ್ಲ. ಹಾಗಾಗಿ ಎರಡರ ನಡುವೆಯೂ par ಇದೆಯೇ ಎಂದು ನೋಡಿಕೊಳ್ಳಿ.

ಮಂಗಳೂರಿನಿಂದ:
ನಮ್ಮ ಶಾಲೆಯಲ್ಲಿ ‘ಒಳಗೊಂದು ಇಲಿಯಿದೆ’ ಎಂದು rat ತೋರಿಸಿ ಕಲಿಸುತ್ತಿದ್ದರು. ಆದರೂ ನಾನು ಪರೀಕ್ಷೆಯಲ್ಲಿ ತಪ್ಪಿದೆ.

ಬೆಂಗಳೂರಿನಿಂದ:
ತಪ್ಪುವುದು ಸಹಜ, ಏಕೆಂದರೆ seperate ಎಂಬುದರಲ್ಲೂ ಅದೇ ಇಲಿ ಕುಳಿತಿದೆ. ಇಲಿಯ ಹಿಂದಿನ ‘ಎ’ಯನ್ನೂ ಸೇರಿಸಿ a rat ಎಂದು ಕಲಿಸಿದ್ದರೆ ನಿಮಗೆ ಉಪಯೋಗವಾಗುತ್ತಿತ್ತು.

ಧಾರವಾಡದಿಂದ:
ಇಷ್ಟು ಶ್ರಮ ಪರಭಾಷೆಯ ಒಂದಕ್ಷರಕ್ಕೆ! ಅಷ್ಟಕ್ಕೂ ಆ ‘ಇ’ ಹೊಸದಲ್ಲ. ಆಡುಮಾತಿನ ಲ್ಯಾಟಿನ್ನಿನಲ್ಲಿ ನಡುಸ್ವರ ಎಕಾರವಾಗಿ, ಫ್ರೆಂಚ್ ದಾಟಿ ಬಂದು sever ಆಯಿತು. ಜನರ ಬಾಯಿ ಎರಡು ಸಾವಿರ ವರ್ಷಗಳಿಂದ ಹೇಳುತ್ತಿರುವುದನ್ನು ತಪ್ಪೆನ್ನಲು ನೀವು ಯಾರು?

ಬೆಂಗಳೂರಿನಿಂದ:
sever ಕುರಿತ ಮಾತು ಸರಿಯಿದೆ, ಅದನ್ನು ಒಪ್ಪುತ್ತೇನೆ. ಆದರೆ ಅದು ಬೇರೆ ಪದವಾಗಿ ನೆಲೆಯೂರಿತು. Separate ಪುಸ್ತಕದ ಲ್ಯಾಟಿನ್ನಿನಿಂದ ನೇರವಾಗಿ ಬಂದದ್ದು. ಇಂದಿನ ಫಲಕದಲ್ಲಿ ‘ಇ’ ಬರೆದರೆ ಓದುವವರು ಅದನ್ನು ತಪ್ಪೆಂದೇ ಎಣಿಸುತ್ತಾರೆ.

ಧಾರವಾಡದಿಂದ:
ಎಣಿಸಲಿ. ನಾನು ಒಪ್ಪುವುದಿಲ್ಲ.

ಮೈಸೂರಿನಿಂದ:
prepare ಪಕ್ಕದಲ್ಲಿ ಬರೆದು par ಕೆಳಗೆ ಗೆರೆ ಎಳೆದು ನೋಡಿದೆ, ಕಣ್ಣಿಗೆ ಕೂಡಲೇ ಹಿಡಿಯಿತು. ತಿದ್ದಿದ ಪ್ರತಿಯನ್ನು ಕಳುಹಿಸಿದ್ದೇನೆ. ಮೇಲಿನ ಸಾಲಿನಲ್ಲಿ ಕನ್ನಡ ದೊಡ್ಡದಾಗಿಯೇ ಇದೆ, ‘ಪ್ರತ್ಯೇಕ’ವನ್ನು ಮಾತ್ರ ಉಳಿಸಿಕೊಂಡಿದ್ದೇನೆ.